ಒಬ್ಬಳೇ ಮಗಳು, ದಿನಕ್ಕೆ ಒಂಬತ್ತು ಫೋನ್

(ಹೆಸರು, ಊರು, ಕೆಲಸದ ವಿವರ ಬದಲಿಸಿದ್ದೇನೆ.)

ಸುಧಾಗೆ 43 ವರ್ಷ. ಬೆಂಗಳೂರಿನ ಒಂದು ಬ್ಯಾಂಕಿನಲ್ಲಿ ಮ್ಯಾನೇಜರ್. ಗಂಡ, ಎಸ್ಸೆಸ್ಸೆಲ್ಸಿ ಓದುವ ಮಗ ಜೊತೆಗಿದ್ದಾರೆ. ಅಪ್ಪ ಅಮ್ಮ ಇರೋದು ಹಾಸನದಲ್ಲಿ. ನಿವೃತ್ತ ಮೇಷ್ಟ್ರಾದ ಅಪ್ಪನಿಗೆ 77. ಅವರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಶುರುವಾಗಿ ವರ್ಷವಾಗಿತ್ತು. ಶುಕ್ರವಾರ ರಾತ್ರಿ ಬಸ್ಸು ಹತ್ತೋದು, ಭಾನುವಾರ ರಾತ್ರಿ ವಾಪಸ್. ಹೀಗೆ ಎಂಟು ತಿಂಗಳು.

ಸುಧಾ ಆಪ್ತಸಲಹೆಗೆಂದು ನನ್ನ ಬಳಿ ಬಂದಿದ್ದು ಒಂದು ಘಟನೆಯ ನಂತರ. ಅಪ್ಪ "ಇವತ್ತು ಪೆನ್ಷನ್ ಬಂತಾ?" ಎಂದು ಆರನೇ ಸಲ ಕೇಳಿದಾಗ ಸುಧಾ ಕೈಲಿದ್ದ ತಟ್ಟೆಯನ್ನು ಟೇಬಲ್ಲಿಗೆ ಕುಕ್ಕಿದ್ದಳು. ಅಪ್ಪ ಹೆದರಿ ಎದ್ದು ನಿಂತರಂತೆ. "ನಮ್ಮಪ್ಪ ನನ್ನ ನೋಡಿ ಹೆದರಿದ್ರು ಮೇಡಂ," ಎನ್ನುವಾಗ ಆಕೆಯ ದನಿ ಒಡೆಯಿತು. ರಾತ್ರಿ ಮೂರಕ್ಕೆ ಎಚ್ಚರವಾಗಿ ಫೋನ್ ನೋಡುವ ಅಭ್ಯಾಸವೂ ಅಂಟಿಕೊಂಡಿತ್ತು.

ಆರೈಕೆಯ ಹೊರೆ ಅಳೆಯುವ 22 ಪ್ರಶ್ನೆಗಳ ಪಟ್ಟಿಯೊಂದಿದೆ. ಪೂರ್ತಿ ಅಂಕ 88. ಸುಧಾಗೆ ಬಂದಿದ್ದು 52. ಇದು ಹಗುರವಾಗಿ ತೆಗೆದುಕೊಳ್ಳುವ ಅಂಕ ಅಲ್ಲ. ಗಂಡನ ಸಹಾಯ ಕೇಳಿದ್ದೀರಾ ಅಂದೆ. "ಅವರಿಗೆ ಅವರ ಅಪ್ಪ ಅಮ್ಮ ಇದ್ದಾರಲ್ಲ. ನನ್ನೋರನ್ನ ನಾನೇ ನೋಡ್ಕೋಬೇಕು, ಇನ್ಯಾರಿದ್ದಾರೆ?" ಒಬ್ಬರೇ ಮಕ್ಕಳಾದವರ ಬಾಯಲ್ಲಿ ಈ ಮಾತು ನನಗೆ ಹೊಸದೇನಲ್ಲ.

ಒಂದು ವಾರ ಅಪ್ಪ ಅಮ್ಮನಿಗಾಗಿ ಮಾಡಿದ್ದನ್ನೆಲ್ಲ ಬರೆದು ತನ್ನಿ ಎಂದೆ. ತಂದಿದ್ದು 31 ಕೆಲಸಗಳ ಪಟ್ಟಿ. ಕೂತು ನೋಡಿದರೆ ಸುಧಾಳಿಂದ ಮಾತ್ರ ಆಗುವಂಥವು ಆರೋ ಏಳೋ ಇದ್ದವು: ಡಾಕ್ಟರ ಹತ್ತಿರ ಮಾತು, ಹಣದ ತೀರ್ಮಾನ, ಅಪ್ಪನ ಜೊತೆ ಕೂರೋದು. ಮಾತ್ರೆ ತರಿಸೋದು, ಕರೆಂಟ್ ಬಿಲ್, ಗ್ಯಾಸ್ ಬುಕಿಂಗ್ ಇವನ್ನೆಲ್ಲ ಗಂಡನೋ ಮಗನೋ ಬೆಂಗಳೂರಲ್ಲೇ ಕೂತು ಮಾಡಬಹುದಿತ್ತು. ಪಟ್ಟಿಯಲ್ಲಿ ದಿನಕ್ಕೆ ಒಂಬತ್ತು ಫೋನ್ ಕರೆಗಳಿದ್ದವು. ಅದರಲ್ಲಿ ಏಳು ಇವಳೇ ಮಾಡಿದ್ದು.

ಮೂರನೇ ಭೇಟಿಗೆ ಅಮ್ಮನನ್ನೂ ಕರೆಸಿಕೊಂಡೆ. ಅಮ್ಮ ಹೇಳಿದ್ದು ನನಗೂ ಮುಟ್ಟಿತು. "ಇವಳು ಫೋನ್ ಮಾಡಿದ್ರೆ ಮಾತ್ರೆ ಆಯ್ತಾ, ಬಿಪಿ ಎಷ್ಟು, ಬಾಗಿಲು ಹಾಕಿದ್ಯಾ ಅಷ್ಟೇ. ಅನ್ನಕ್ಕೆ ಕೈ ಹಾಕಿದ್ರೂ ರಿಂಗಾಗುತ್ತೆ. ನೀನು ಏನು ತಿಂದೆ ಅಂತ ಕೇಳೋಕೆ ನನಗೆ ಪುರುಸೊತ್ತೇ ಕೊಡಲ್ಲ." ಬೆಂಗಳೂರಿಗೆ ಬಂದು ಇರಲು ಅಮ್ಮನಿಗೆ ಮನಸ್ಸಿಲ್ಲ. ಅಳಿಯನ ಮನೆ ಅನ್ನುವ ಸಂಕೋಚ ಒಂದು ಕಡೆ. ಅಪ್ಪನಿಗೆ ಹಾಸನದ ಬೀದಿ ಇನ್ನೂ ನೆನಪಿದೆ ಅನ್ನೋದು ಇನ್ನೊಂದು. ಎರಡನೆಯದು ನಿಜವಾದ ಕಾರಣ. ಈ ಕಾಯಿಲೆ ಇರುವವರು ಮನೆ ಬದಲಾದರೆ ಜಾಸ್ತಿ ಗಲಿಬಿಲಿಗೊಳ್ಳುತ್ತಾರೆ.

ನಾನು ಕೊಟ್ಟ ಸಲಹೆ ಇಷ್ಟು. ಬೆಳಗ್ಗೆ ಒಂದು, ರಾತ್ರಿ ಒಂದು ಫೋನ್ ಸಾಕು. ರಾತ್ರಿಯದರಲ್ಲಿ ಮಾತ್ರೆಯ ಸುದ್ದಿ ಬೇಡ. ತುರ್ತಿಗೆ ಪಕ್ಕದ ಮನೆಯವರ ಹತ್ತಿರ ಒಂದು ಕೀಲಿ, ಒಂದು ನಂಬರ್. ಹಗಲು ಹೊತ್ತಿಗೆ ಹೋಮ್ ನರ್ಸ್. ಅಪ್ಪ ಪದೇ ಪದೇ ಕೇಳುವ ಪ್ರಶ್ನೆಗೆ ಚಿಕ್ಕ ಉತ್ತರ ಕೊಟ್ಟು, ಕೈಗೆ ಏನಾದರೂ ಕೆಲಸ ಕೊಡೋದು, ಕಾಯಿ ಬಿಡಿಸೋದೋ ಪೇಪರ್ ಮಡಚೋದೋ. "ಆಗ್ಲೇ ಹೇಳಿದ್ನಲ್ಲ" ಅನ್ನಬಾರದು. ಹೇಳಿದ್ದು ಅವರಲ್ಲಿ ಉಳಿದಿರೋದೇ ಇಲ್ಲ.

ತಡ ಮಾಡಬಾರದ ಇನ್ನೊಂದು ಕೆಲಸವಿತ್ತು. ಅಪ್ಪನ ಪೆನ್ಷನ್ ಖಾತೆ ಒಂಟಿ ಹೆಸರಲ್ಲಿತ್ತು. ಮುಂದೆ ಬೇಕಾದರೆ ಪವರ್ ಆಫ್ ಅಟಾರ್ನಿ ಬಳಸಿದರಾಯ್ತು ಎಂದು ಸುಧಾ ಅಂದುಕೊಂಡಿದ್ದಳು. ನಮ್ಮ ಕಾನೂನಿನಲ್ಲಿ ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಅಧಿಕಾರವೂ ಅಲ್ಲಿಗೆ ಮುಗಿಯುತ್ತದೆ. ಅಪ್ಪನಿಗೆ ತಿಳಿದು ಸಹಿ ಹಾಕುವ ಶಕ್ತಿ ಇರುವಾಗಲೇ ಅಮ್ಮನನ್ನು ಖಾತೆಗೆ ಸೇರಿಸಿ, ವಕೀಲರನ್ನು ಕಂಡು ವಿಲ್ ಮಾಡಿಸಿ ಅಂದೆ. ಬ್ಯಾಂಕ್ ಮ್ಯಾನೇಜರಿಗೆ ನಾನು ಇದನ್ನು ಹೇಳಬೇಕಾಯಿತು, ನೋಡಿ. ತಮ್ಮ ಮನೆಯ ವಿಷಯ ಬಂದಾಗ ಎಲ್ಲರೂ ಹೀಗೇ.

ನಾಲ್ಕು ತಿಂಗಳಾದ ಮೇಲೆ ಅಂಕ 37ಕ್ಕೆ ಇಳಿದಿತ್ತು. ಎಲ್ಲವೂ ಸರಿಹೋಗಿರಲಿಲ್ಲ. ಇಬ್ಬರು ಹೋಮ್ ನರ್ಸ್ ಬಿಟ್ಟು ಹೋಗಿದ್ದರು, ಮೂರನೆಯವರು ನಿಂತಿದ್ದರು. ಊರಿಗೆ ಹೋಗೋದು ಎರಡು ವಾರಕ್ಕೊಮ್ಮೆ ಆಗಿತ್ತು. ಬೆಂಗಳೂರಿಗೆ ಕರೆತರುವ ಮಾತನ್ನು ಯಾವಾಗ ಮತ್ತೆ ಎತ್ತಬೇಕು ಅನ್ನೋದನ್ನು ಮೂವರೂ ಕೂತು ಬರೆದಿದ್ದರು: ಅಪ್ಪ ಒಂದೇ ಒಂದು ಸಲ ದಾರಿ ತಪ್ಪಿದರೂ, ಅಥವಾ ಅಮ್ಮನಿಗೆ ಸತತ ಒಂದು ವಾರ ನಿದ್ದೆ ಆಗದಿದ್ದರೂ. ಆ ಹಾಳೆ ಈಗ ಎರಡೂ ಮನೆಯ ಫ್ರಿಜ್ ಮೇಲಿದೆ. ಅಮ್ಮನ ಅಕ್ಷರದಲ್ಲಿ.