ಸವಕಳಿ ಪದ್ಧತಿ ಬದಲಾದರೆ ಎನ್‌ಪಿವಿ ಏಕೆ ಬದಲಾಗುತ್ತದೆ?

“ಸವಕಳಿ ನಗದು ಖರ್ಚಲ್ಲ, ಒಟ್ಟು ಮೊತ್ತವೂ ಒಂದೇ. ಹಾಗಿದ್ದರೂ ಸ್ಥಿರ ಕಂತಿಗೂ ಡಬ್ಲ್ಯುಡಿವಿಗೂ ಎನ್‌ಪಿವಿ ಬೇರೆ ಬರುವುದೇಕೆ?”

ಎನ್‌ಪಿವಿ ಎಂದರೆ ಮುಂದೆ ಬರುವ ನಗದನ್ನೆಲ್ಲ ಇಂದಿನ ಮೌಲ್ಯಕ್ಕೆ ಇಳಿಸಿ, ಹೂಡಿಕೆ ಕಳೆದ ಮೊತ್ತ. ಸವಕಳಿ ನಗದಲ್ಲ, ಆದರೆ ಅದು ಉಳಿಸುವ ತೆರಿಗೆ ನಗದು. 10 ಲಕ್ಷ ರೂಪಾಯಿಯ ಕಂಪ್ಯೂಟರ್‌ಗಳು, 5 ವರ್ಷ ಆಯುಷ್ಯ, ಗುಜರಿ ಬೆಲೆ ಸೊನ್ನೆ, ತೆರಿಗೆ 25%, ಬಡ್ಡಿದರ 12% ಎಂದುಕೊಳ್ಳಿ.

ಸ್ಥಿರ ಕಂತಿನಲ್ಲಿ ವರ್ಷಕ್ಕೆ 2 ಲಕ್ಷ ಸವಕಳಿ, 50,000 ತೆರಿಗೆ ಉಳಿತಾಯ. ಐದು ವರ್ಷದ್ದನ್ನು ಇಂದಿನ ಮೌಲ್ಯಕ್ಕೆ ಇಳಿಸಿದರೆ ಸುಮಾರು 1,80,240. ಡಬ್ಲ್ಯುಡಿವಿಯಲ್ಲಿ, ಅಂದರೆ ಪ್ರತಿ ವರ್ಷ ಉಳಿದ ಮೌಲ್ಯದ ಮೇಲೆ 40% ಕಳೆದರೆ, ಉಳಿತಾಯ ಕ್ರಮವಾಗಿ 1,00,000, 60,000, 36,000, 21,600. ಐದನೇ ವರ್ಷ ಉಳಿದದ್ದನ್ನೆಲ್ಲ ಕಳೆದರೆ 32,400. ಇಲ್ಲಿಯೂ ಮೊತ್ತ 2.5 ಲಕ್ಷವೇ, ಇಂದಿನ ಮೌಲ್ಯ ಮಾತ್ರ ಸುಮಾರು 1,94,850. ಹಣ ಬೇಗ ಕೈಸೇರಿದ್ದಕ್ಕೆ ಎನ್‌ಪಿವಿಯಲ್ಲಿ ಸುಮಾರು 14,600 ಹೆಚ್ಚು.

ಹಾಗೆಂದು ಡಬ್ಲ್ಯುಡಿವಿ ಯಾವಾಗಲೂ ಗೆಲ್ಲುತ್ತದೆ ಎಂದು ಬರೆಯಬೇಡಿ. ಪರೀಕ್ಷೆಯಲ್ಲಿ ಹಲವರು ಎಡವುವುದು ಇಲ್ಲಿಯೇ. ಸಾಮಾನ್ಯ ಯಂತ್ರದಂತೆ ದರ 15% ಆಗಿ, ಶಿಲ್ಕನ್ನು ಕೊನೆಯಲ್ಲಿ ಕಳೆಯದೆ ಹಾಗೆಯೇ ಇಳಿಸುತ್ತ ಹೋದರೆ, ಉಳಿತಾಯದ ಇಂದಿನ ಮೌಲ್ಯ 2.5 ಲಕ್ಷ × 0.15 ÷ (0.15 + 0.12), ಅಂದರೆ ಸುಮಾರು 1,38,900. ಐದು ವರ್ಷದ ಸ್ಥಿರ ಕಂತೇ ಮೇಲು.

ಇನ್ನೊಂದು: ಕಂಪನಿಯ ಲೆಕ್ಕಪುಸ್ತಕದಲ್ಲಿರುವ ಸವಕಳಿಯನ್ನು ಇಲ್ಲಿ ಹಾಕಬೇಡಿ. ಆದಾಯ ತೆರಿಗೆ ಒಪ್ಪುವ ಸವಕಳಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದರ ಉಳಿತಾಯ ಆ ವರ್ಷವೇ ಸಿಗುವುದು ತೆರಿಗೆ ಕಟ್ಟುವಷ್ಟು ಲಾಭವಿದ್ದರೆ ಮಾತ್ರ.