110 ಎಂಎಂ ಪೈಪೇ ಯಾಕೆ? ಡಿಸೈನ್ ರಿಪೋರ್ಟಿನಲ್ಲಿ ಬಿಟ್ಟ ಆಯ್ಕೆಗಳನ್ನು ಬರೆಯುವ ಬಗೆ

ಪ್ರಶ್ನೆ: ಹಳ್ಳಿ ನೀರಿನ ಯೋಜನೆಯ ರೈಸಿಂಗ್ ಮೇನ್‌ಗೆ 110 ಎಂಎಂ ಪೈಪ್ ಅಂತ ಡಿಸೈನ್ ರಿಪೋರ್ಟ್ ಕೊಟ್ಟಿದ್ದೆ. "ಬೇರೆ ಸೈಜ್ ಯಾಕೆ ಬೇಡ ಅನ್ನೋದು ಸ್ಪಷ್ಟ ಇಲ್ಲ" ಅಂತ ವಾಪಸ್ ಬಂದಿದೆ. ಕೊನೆಗೊಂದು ಕಂಪ್ಯಾರಿಸನ್ ಟೇಬಲ್ ಸೇರಿಸಿದ್ರೆ ಸಾಕಾ?

ಸಾಲದು. ಟೇಬಲ್ ಇಲ್ಲ ಅನ್ನುವ ಕಾರಣಕ್ಕೇ ವಾಪಸ್ ಬಂದಿರಲಿಕ್ಕಿಲ್ಲ. ಇಂಥ ವರದಿ ತಿದ್ದಲು ಕೂತಾಗಲೆಲ್ಲ ನನಗೆ ಸಿಗುವುದು ಹೆಚ್ಚುಕಡಿಮೆ ಈ ಪ್ಯಾರಾನೇ:

"110 ಎಂಎಂ ಎಚ್‌ಡಿಪಿಇ ತಾಂತ್ರಿಕವಾಗಿ ಸೂಕ್ತ ಹಾಗೂ ಮಿತವ್ಯಯಕಾರಿ. 90 ಎಂಎಂನಲ್ಲಿ ನೀರಿನ ವೇಗ ಹೆಚ್ಚಾಗುವುದರಿಂದ ಅದನ್ನು ಕೈಬಿಡಲಾಗಿದೆ. 125 ಎಂಎಂ ದುಬಾರಿ."

ಇದರಲ್ಲಿ ಒಂದೊಂದು ಪೈಪಿಗೆ ಒಂದೊಂದು ಅಳತೆಗೋಲು. 90ನ್ನು ಬಿಟ್ಟದ್ದು ವೇಗದ ಮೇಲೆ, 125ನ್ನು ಬಿಟ್ಟದ್ದು ಬೆಲೆಯ ಮೇಲೆ, 110ಕ್ಕೆ ಬರೀ ಪ್ರಶಂಸೆ. ಓದುವವನು ಸಹಜವಾಗಿಯೇ ಕೇಳುತ್ತಾನೆ: ಬೆಲೆಯೇ ಮುಖ್ಯವಾದರೆ 90 ಅಗ್ಗ ಅಲ್ಲವೇ? ವೇಗ ಮುಖ್ಯವಾದರೆ 125ರಲ್ಲಿ ಅದು ಇನ್ನೂ ಕಡಿಮೆ, ಅದನ್ನೇ ಯಾಕೆ ಹಾಕಬಾರದು? ಮೊದಲೇ ಪೈಪ್ ಆರಿಸಿಕೊಂಡು ಆಮೇಲೆ ಕಾರಣ ಹುಡುಕಿದಾಗ ಬರವಣಿಗೆ ಹೀಗಾಗುತ್ತದೆ. ಇದನ್ನೇ ಟೇಬಲ್ಲಿಗೆ ಹಾಕಿ, ಬೆಲೆಗೆ 4 ಅಂಕ, ಬಾಳಿಕೆಗೆ 5 ಅಂಕ ಅಂತ ಕೂಡಿದರೆ ಗೊಂದಲ ಹಾಗೇ ಉಳಿಯುತ್ತದೆ. ಅಂಕಗಳ ಹಿಂದೆ ಅಡಗಿರುತ್ತದೆ, ಅಷ್ಟೇ.

ಮೊದಲು ಲೆಕ್ಕ ಮಾಡಿ, ಬರೆದಿರುವ ಕಾರಣ ನಿಜವೇ ಅಂತ ನೋಡಿ. ಸೆಕೆಂಡಿಗೆ 5 ಲೀಟರ್, ಉದ್ದ 1,200 ಮೀಟರ್, ಸ್ಟ್ಯಾಟಿಕ್ ಹೆಡ್ 40 ಮೀಟರ್, ಮೂರೂ ಪಿಇ 100, ಪಿಎನ್ 10 ಪೈಪ್ ಅಂತಿಟ್ಟುಕೊಳ್ಳಿ. 90 ಎಂಎಂನ ಒಳವ್ಯಾಸ ಸುಮಾರು 79 ಎಂಎಂ, ಅದರಲ್ಲಿ ವೇಗ ಸೆಕೆಂಡಿಗೆ 1 ಮೀಟರ್. ರೈಸಿಂಗ್ ಮೇನ್‌ಗೆ ಅದೇನೂ ಹೆಚ್ಚಲ್ಲ. ಅಂದರೆ 90ನ್ನು ಬಿಟ್ಟದ್ದು ಸರಿ ಇರಬಹುದು, ಬರೆದ ಕಾರಣ ಮಾತ್ರ ತಪ್ಪು. ವಿಮರ್ಶಕರು ಹಿಡಿಯುವುದು ಇದನ್ನೇ.

ನಿಜವಾದ ಕಾರಣ ಘರ್ಷಣೆ. ಹೇಜನ್-ವಿಲಿಯಮ್ಸ್ ಸೂತ್ರದಲ್ಲಿ C 140 ಹಿಡಿದರೆ ಘರ್ಷಣೆಗೆ ಹೋಗುವ ಹೆಡ್ 90ರಲ್ಲಿ ಸುಮಾರು 17 ಮೀಟರ್, 110ರಲ್ಲಿ 6.5, 125ರಲ್ಲಿ 3.4. ಪಂಪ್‌ಸೆಟ್ಟಿನ ಒಟ್ಟು ದಕ್ಷತೆ 60%, ದಿನಕ್ಕೆ 8 ಗಂಟೆ ಓಟ ಅಂದರೆ ಒಂದು ಮೀಟರ್ ಹೆಡ್ಡಿಗೆ ವರ್ಷಕ್ಕೆ ಸುಮಾರು 240 ಯೂನಿಟ್ ಕರೆಂಟ್ ಬೇಕು. ಇನ್ನು ಬೆಲೆ. ಎಚ್‌ಡಿಪಿಇ ದರ ಬಹುಮಟ್ಟಿಗೆ ತೂಕದ ಮೇಲೆ ನಿಲ್ಲುವುದರಿಂದ ತೂಕದಲ್ಲೇ ಹೋಲಿಸಬಹುದು: ಇಡೀ ಲೈನಿಗೆ ಕ್ರಮವಾಗಿ 1.6, 2.4 ಮತ್ತು 3.1 ಟನ್.

ಈಗ ಪ್ಯಾರಾ ತಾನಾಗಿ ಕೂರುತ್ತದೆ. ನಾನಾದರೆ ಹೀಗೆ ಬರೆಯುತ್ತೇನೆ:

"ಮೂರೂ ಸೈಜುಗಳು ಹರಿವು ಮತ್ತು ಒತ್ತಡದ ಅಗತ್ಯವನ್ನು ಪೂರೈಸುತ್ತವೆ. ಆಯ್ಕೆ ಇರುವುದು ಪೈಪಿನ ಖರ್ಚು ಮತ್ತು ಕರೆಂಟಿನ ಖರ್ಚಿನ ನಡುವೆ. 90ರಿಂದ 110ಕ್ಕೆ ಹೋದರೆ 0.8 ಟನ್ ಪೈಪ್ ಹೆಚ್ಚು ಬೇಕು, ವರ್ಷಕ್ಕೆ ಸುಮಾರು 2,550 ಯೂನಿಟ್ ಉಳಿಯುತ್ತದೆ. 110ರಿಂದ 125ಕ್ಕೆ ಹೋದರೆ ಮತ್ತೆ 0.7 ಟನ್ ಬೇಕು, ಉಳಿಯುವುದು ಸುಮಾರು 720 ಯೂನಿಟ್. ಆದ್ದರಿಂದ 110. ಇದರಿಂದ 125ಕ್ಕಿಂತ ಸುಮಾರು 3 ಮೀಟರ್ ಹೆಚ್ಚಿನ ಹೆಡ್ಡನ್ನು ಒಪ್ಪಿಕೊಂಡಂತಾಗುತ್ತದೆ."

ಕೊನೆಯ ವಾಕ್ಯವನ್ನು ಎಲ್ಲರೂ ಹಾರಿಸುತ್ತಾರೆ, ದಯವಿಟ್ಟು ಹಾರಿಸಬೇಡಿ. ಆರಿಸಿದ ಪೈಪಿನಲ್ಲಿ ಏನು ಕಳೆದುಕೊಂಡೆವು ಅಂತ ನೀವೇ ಹೇಳದಿದ್ದರೆ ಅದನ್ನು ಬೇರೆಯವರು ಹೇಳುತ್ತಾರೆ. ಹಾಗೇ 'ಸೂಕ್ತ', 'ಮಿತವ್ಯಯಕಾರಿ' ತರಹದ ಪದ ಕಂಡಲ್ಲೆಲ್ಲ ಅಳಿಸಿ, ಯಾವುದಕ್ಕಿಂತ ಎಷ್ಟು ಅಂತ ಬರೆಯಿರಿ. ಬರೆಯಲಾಗದಿದ್ದರೆ ಆ ವಾಕ್ಯವೇ ಬೇಡ.

ಕ್ರಮದಲ್ಲಿ ಇನ್ನೊಂದು ಗಮನಿಸಿ: ಮೀರಲಾಗದ ಮಿತಿ ಮೊದಲು, ತೂಗಿ ನೋಡುವ ಮಾತು ಆಮೇಲೆ. ಹಳೆಯ ಪಂಪನ್ನೇ ಉಳಿಸಿಕೊಳ್ಳಬೇಕು, ಅದು 5 ಲೀಟರಿಗೆ 55 ಮೀಟರ್ ಮಾತ್ರ ಎತ್ತುತ್ತದೆ ಅಂದುಕೊಳ್ಳಿ. 90 ಎಂಎಂಗೆ 57 ಮೀಟರ್ ಬೇಕು, ಆಗ ಅದು ಹೋಲಿಕೆಗೇ ಬರುವುದಿಲ್ಲ. ಒಂದೇ ಸಾಲಿನಲ್ಲಿ ಮುಗಿಸಿ, ಕರೆಂಟಿನ ಲೆಕ್ಕ ಉಳಿದೆರಡಕ್ಕೆ ಮಾತ್ರ ಮಾಡಿ. ಹೊಸ ಪಂಪ್ ಕೊಳ್ಳುವುದಾದರೆ ಮೂರನ್ನೂ ತೂಗಲೇಬೇಕು. ಈ ಎರಡನ್ನೂ ಕಲಸಿ ಬರೆದ ವರದಿಯಲ್ಲಿ 90 ಯಾಕೆ ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಕಡೆಗೆ, ನಿರ್ಧಾರ ಯಾವಾಗ ತಿರುಗಬಹುದು ಅನ್ನುವುದಕ್ಕೆ ಒಂದು ಸಾಲು ಇರಲಿ: "ಪಂಪ್ ದಿನಕ್ಕೆ 16 ಗಂಟೆ ಓಡುವುದಾದರೆ 125ರ ಉಳಿತಾಯ ಸುಮಾರು 1,440 ಯೂನಿಟ್ ಆಗುತ್ತದೆ, ಆಗ ಅಂದಿನ ಪೈಪ್ ದರ ಮತ್ತು ಕರೆಂಟ್ ದರ ಹಾಕಿ 125ನ್ನು ಮತ್ತೆ ನೋಡಬೇಕು."