ಒಂದೇ ಸಾಲಿನ ಉತ್ತರದಲ್ಲಿ ಕ್ರಿಯಾಪದ ಬಿಡಬಹುದಾ?

“ಸಹೋದ್ಯೋಗಿಗಳಿಗೆ ಚಾಟ್‌ನಲ್ಲಿ ಉತ್ತರ ಕೊಡುವಾಗ ‘ರಿಪೋರ್ಟ್ ನಾಳೆ’, ‘ನಾಲ್ಕಕ್ಕೆ’ ಅಂತ ಅರ್ಧಂಬರ್ಧ ಬರೆಯುತ್ತೇನೆ. ಕ್ರಿಯಾಪದವೇ ಇರುವುದಿಲ್ಲ. ಇದು ತಪ್ಪಾ? ಪ್ರತಿ ಸಲ ಪೂರ್ತಿ ವಾಕ್ಯ ಬರೀಬೇಕಾ?”

ಪ್ರತಿ ಸಲ ಬೇಕಿಲ್ಲ. ನೀವು ಕೊಟ್ಟ ಎರಡು ಉದಾಹರಣೆಗಳಲ್ಲಿ ‘ನಾಲ್ಕಕ್ಕೆ’ ಚೆನ್ನಾಗಿಯೇ ಇದೆ, ‘ರಿಪೋರ್ಟ್ ನಾಳೆ’ ತೊಂದರೆ ಕೊಡುತ್ತದೆ.

“ಮೀಟಿಂಗ್ ಎಷ್ಟು ಗಂಟೆಗೆ ಶುರುವಾಗುತ್ತೆ?” ಅಂತ ಕೇಳಿದವರಿಗೆ “ನಾಲ್ಕಕ್ಕೆ” ಸಾಕು. ಕ್ರಿಯಾಪದ ಪ್ರಶ್ನೆಯಲ್ಲೇ ಇದೆ, ಓದುವವರು ಅದನ್ನೇ ಮುಂದಕ್ಕೆ ತಂದುಕೊಳ್ಳುತ್ತಾರೆ. ಉಳಿದ ಕೆಲಸವನ್ನು ಪ್ರತ್ಯಯ ಮಾಡುತ್ತದೆ. ಹಾಗಾಗಿ ಕ್ರಿಯಾಪದ ಬಿಟ್ಟರೂ ಪ್ರತ್ಯಯ ಮಾತ್ರ ಬಿಡಬೇಡಿ. “ಫೈಲ್ ಯಾವಾಗ ಸಿಗುತ್ತೆ?” ಅಂದಾಗ ಬರೀ “ನಾಲ್ಕು” ಅಂದರೆ ಅರ್ಥ ತೇಲಾಡುತ್ತದೆ. ‘ನಾಲ್ಕಕ್ಕೆ’, ‘ನಾಲ್ಕರೊಳಗೆ’, ‘ನಾಲ್ಕರ ಮೇಲೆ’ ಮೂರೂ ಬೇರೆ ಬೇರೆ ಮಾತು. “ಇದು ಹಳೇ ಫೈಲ್” ಅನ್ನುವಂಥ ವಾಕ್ಯಕ್ಕಂತೂ ಕನ್ನಡದಲ್ಲಿ ಕ್ರಿಯಾಪದವೇ ಬೇಡ. ಅದು ಅರ್ಧ ವಾಕ್ಯ ಅಲ್ಲ, ಪೂರ್ತಿಯೇ.

‘ರಿಪೋರ್ಟ್ ನಾಳೆ’ಯ ಕಥೆ ಬೇರೆ. ಮಾತಾಡುವಾಗ ನಾವು ‘ನಾನು’, ‘ಅವರು’ ಅನ್ನುವುದನ್ನು ಸಲೀಸಾಗಿ ಬಿಡುತ್ತೇವೆ, ಯಾಕೆಂದರೆ ಯಾರು ಅನ್ನುವುದು ಕ್ರಿಯಾಪದದ ಕೊನೆಯಲ್ಲೇ ಕೂತಿರುತ್ತದೆ. ‘ಕಳಿಸುತ್ತೇನೆ’ ಅಂದರೆ ನಾನು, ‘ಕಳಿಸುತ್ತಾರೆ’ ಅಂದರೆ ಅವರು. ಈಗ ಆ ಕ್ರಿಯಾಪದವೂ ಹೋಯಿತು ಅನ್ನಿ, ಯಾರು ಅನ್ನುವುದೂ ಅದರ ಜೊತೆಗೇ ಹೋಯಿತು.

ನಮ್ಮ ತಂಡದಲ್ಲಿ ಹೀಗೇ ಆಗಿತ್ತು. ಗ್ರೂಪ್‌ನಲ್ಲಿ ಒಬ್ಬರು “ಗ್ರಾಹಕರಿಗೆ ಹೊಸ ದರಪಟ್ಟಿ ಹೋಗಬೇಕಿತ್ತಲ್ಲ, ಏನಾಯ್ತು?” ಅಂತ ಕೇಳಿದರು. “ನಾಳೆ ಬೆಳಿಗ್ಗೆ” ಅಂತ ಉತ್ತರ ಬಂತು. ಬರೆದವರ ಮನಸ್ಸಲ್ಲಿ ಇದ್ದದ್ದು ‘ನಾಳೆ ಬೆಳಿಗ್ಗೆ ಕಳಿಸಿ’. ಕೇಳಿದವರು ಓದಿಕೊಂಡದ್ದು ‘ನಾಳೆ ಬೆಳಿಗ್ಗೆ ಕಳಿಸುತ್ತೇನೆ’. ಮಾರನೇ ದಿನ ಮಧ್ಯಾಹ್ನದವರೆಗೂ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಕೂತರು. ಇಲ್ಲಿ ಪ್ರಶ್ನೆಯೂ ನೆರವಿಗೆ ಬರಲಿಲ್ಲ ನೋಡಿ. ‘ಹೋಗಬೇಕಿತ್ತು’ ಅನ್ನುವುದರಲ್ಲಿ ಕಳಿಸುವವರು ಯಾರು ಅನ್ನುವುದೇ ಇಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟು: ಚಿಕ್ಕದಾಗಿ ಬರೆಯಬೇಕು ಅಂದರೆ ಬೇರೆಲ್ಲ ಬಿಡಿ, ಕ್ರಿಯಾಪದ ಉಳಿಸಿಕೊಳ್ಳಿ. “ಕಳಿಸಿದ್ದೇನೆ” ಅನ್ನುವುದು ಒಂದೇ ಪದ. ಯಾರು, ಏನು ಮಾಡಿದ್ದು, ಮುಗೀತಾ ಇಲ್ವಾ, ಮೂರೂ ಅದರಲ್ಲಿವೆ. “ರಿಪೋರ್ಟ್ ನಾಳೆ” ಎರಡು ಪದ, ಆದರೂ ಹೇಳುವುದು ಕಡಿಮೆ.

ಇದಕ್ಕೂ ಒಂದು ಮಿತಿ ಇದೆ. ‘ಕಳಿಸಬೇಕು’, ‘ಕಳಿಸಬಹುದು’, ‘ಕಳಿಸಿಲ್ಲ’ ಇವು ಯಾರಿಗಾದರೂ ಒಂದೇ ರೂಪ. ನಾನೋ, ನೀವೋ, ಅವರೋ ಗೊತ್ತಾಗುವುದಿಲ್ಲ. ಅಂಥ ಕಡೆ ‘ನಾನು’ ಅಥವಾ ಆ ವ್ಯಕ್ತಿಯ ಹೆಸರು ಸೇರಿಸಲೇಬೇಕು: “ನಾನಿನ್ನೂ ಕಳಿಸಿಲ್ಲ.”

ಇನ್ನೊಂದು ಕಡೆ ತುಂಬಾ ಎಚ್ಚರ ಬೇಕು. “ಡ್ರಾಫ್ಟ್ ಈಗಲೇ ಕಳಿಸಲಾ?” ಅಂತ ಕೇಳಿದವರಿಗೆ “ಚೆಕ್ ಮಾಡಿ” ಅಂತ ಉತ್ತರ ಹೋಯಿತು ಅನ್ನಿ. ಚೆಕ್ ಮಾಡಿ ಆಮೇಲೆ ಕಳಿಸಿ ಅಂತಲೋ? ಸದ್ಯಕ್ಕೆ ಚೆಕ್ ಮಾತ್ರ ಮಾಡಿ, ಕಳಿಸುವುದು ಬೇಡ ಅಂತಲೋ? ನಾನು ಚೆಕ್ ಮಾಡಿ ಹೇಳುತ್ತೇನೆ ಅಂತಲೂ ಆಗಬಹುದು. ‘ಮಾಡಿ’, ‘ನೋಡಿ’, ‘ಕೇಳಿ’ ಇವು ವಿನಂತಿಯೂ ಹೌದು, ಮುಂದೆ ಇನ್ನೊಂದು ಕ್ರಿಯಾಪದ ಬರುತ್ತದೆ ಅನ್ನುವ ಅರ್ಧ ರೂಪವೂ ಹೌದು. ಮಾತಾಡುವಾಗ ದನಿಯಲ್ಲಿ ಗೊತ್ತಾಗುತ್ತದೆ, ಬರಹದಲ್ಲಿ ಗೊತ್ತಾಗುವುದಿಲ್ಲ. “ಚೆಕ್ ಮಾಡಿ ಹೇಳ್ತೀನಿ” ಅಂತ ಒಂದು ಪದ ಜಾಸ್ತಿ ಹಾಕಿದರೆ ಮುಗೀತು.

‘ಇಲ್ಲ’ ಮತ್ತು ‘ಹೌದು’ ಕೂಡ ಹಾಗೇ. “ಹಳೇ ದರಪಟ್ಟಿ ಕಳಿಸಿಲ್ಲ ತಾನೇ?” ಅನ್ನುವ ಪ್ರಶ್ನೆಗೆ ಬರೀ “ಹೌದು” ಅಂದರೆ ಕಳಿಸಿಲ್ಲ ಅಂತ ಕೆಲವರು, ಕಳಿಸಿಬಿಟ್ಟಿದ್ದಾರೆ ಅಂತ ಕೆಲವರು ಓದುತ್ತಾರೆ. ಪ್ರಶ್ನೆಯಲ್ಲೇ ‘ಇಲ್ಲ’ ಇದ್ದರೆ ಉತ್ತರದಲ್ಲಿ ಕ್ರಿಯಾಪದ ಇರಲಿ: “ಇಲ್ಲ, ಕಳಿಸಿಲ್ಲ.”

ಬಿಟ್ಟರೆ ಅನುಕೂಲ ಆಗುವ ಸಂದರ್ಭವೂ ಒಂದಿದೆ. ಹೊಸದಾಗಿ ಸೇರಿದವರಿಗೆ ‘ಬಾ’ ಅನ್ನಬೇಕೋ ‘ಬನ್ನಿ’ ಅನ್ನಬೇಕೋ ಗೊತ್ತಾಗದೆ ತುಂಬಾ ಜನ “ಮೀಟಿಂಗ್ ಮೂರಕ್ಕೆ” ಅಂತ ಬರೆದು ಮುಗಿಸುತ್ತಾರೆ. ಸುದ್ದಿ ಮಾತ್ರ ತಿಳಿಸುವುದಾದರೆ ಅದರಲ್ಲಿ ಏನೂ ತಪ್ಪಿಲ್ಲ. ಅವರು ಬರಲೇಬೇಕು ಅಂತಿದ್ದರೆ “ಮೂರಕ್ಕೆ ಬನ್ನಿ” ಅಂತಲೇ ಬರೆಯಿರಿ. ‘ಬನ್ನಿ’ ಅಂದರೆ ಯಾರಿಗೂ ಬೇಜಾರಾಗುವುದಿಲ್ಲ.